ಹಬ್ಬದ ಲಕೋಟೆಯೊಳಗಿನ ಎರಡು ಹಣ

ಆಯುಧಪೂಜೆಯ ದಿನ ಬೆಂಗಳೂರಿನ ಪೀಣ್ಯದ ಯಾವ ಸಣ್ಣ ಕಾರ್ಖಾನೆಯನ್ನು ಹೊಕ್ಕರೂ ಕಾಣುವ ದೃಶ್ಯವೊಂದೇ: ಎಣ್ಣೆಯ ಜಿಡ್ಡನ್ನು ತೊಳೆಸಿಕೊಂಡ ಲೇತುಗಳ ಮೇಲೆ ಅರಿಸಿನ ಕುಂಕುಮದ ಬೊಟ್ಟು, ಬಾಗಿಲಿಗೆ ಬಾಳೆಕಂದು, ಹೊಸ್ತಿಲಲ್ಲಿ ಒಡೆದ ಬೂದುಗುಂಬಳ, ಕಡಲೆಪುರಿಯ ಪೊಟ್ಟಣ, ಮತ್ತು ಇವೆಲ್ಲಕ್ಕಿಂತ ಹೆಚ್ಚಿನ ಕುತೂಹಲದಿಂದ ಎಲ್ಲರೂ ನಿರೀಕ್ಷಿಸುತ್ತಿರುವ ಬೋನಸ್ಸಿನ ಲಕೋಟೆ. ಈಗ ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುವುದರಿಂದ ಲಕೋಟೆಯೊಳಗೆ ನೋಟುಗಳಿಲ್ಲದೆ ಒಂದು ಚೀಟಿ ಮಾತ್ರ ಇರುವುದುಂಟು. ಆ ಚೀಟಿಯಲ್ಲಿ ‘ಬೋನಸ್ ಮತ್ತು ಎಕ್ಸ್‌ಗ್ರೇಷಿಯಾ’ ಎಂದು ಒಂದೇ ಸಾಲಿನಲ್ಲಿ ಬರೆದು, ಅದರ ಮುಂದೆ ಒಂದೇ ಮೊತ್ತವನ್ನು ನಮೂದಿಸಿರುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಬಹುಕಾಲ ಸಂಬಳದ ಪಟ್ಟಿಗಳನ್ನು ಬರೆಯುವುದರಲ್ಲಿಯೂ ಇತರರು ಬರೆದುದನ್ನು ತಿದ್ದುವುದರಲ್ಲಿಯೂ ಕಳೆದವನಾದ ನನಗೆ ಆ ಒಂದು ಸಾಲು ಇಂದಿಗೂ ಕಸಿವಿಸಿಯನ್ನುಂಟುಮಾಡುತ್ತದೆ. ಏಕೆಂದರೆ ಆ ಸಾಲಿನಲ್ಲಿ ಬೆರೆತಿರುವುದು ಎರಡು ಬೇರೆ ಬೇರೆ ಜಾತಿಯ ಹಣ. ಒಂದು, ದುಡಿದವನು ಕೇಳಿ ಪಡೆಯಬಹುದಾದ ಹಕ್ಕು. ಇನ್ನೊಂದು, ಧಣಿಯು ತನ್ನ ಸಂತೋಷದಿಂದ ನೀಡುವ ಕೊಡುಗೆ. ಇವೆರಡರ ನಡುವಣ ಗೆರೆ ಎಲ್ಲಿದೆ, ಆ ಗೆರೆ ಅಳಿಸಿಹೋದಲ್ಲಿ ಯಾರಿಗೆ ಏನು ನಷ್ಟವಾಗುತ್ತದೆ ಎಂಬುದನ್ನು ಒಂದು ಲೆಕ್ಕದ ಮೂಲಕ ತಿಳಿಸುವುದೇ ಈ ಲೇಖನದ ಉದ್ದೇಶ.

ಕೊಡುಗೆಯಾಗಿ ಹುಟ್ಟಿದ್ದು

ಬೋನಸ್ಸೆಂಬುದು ನಮ್ಮ ದೇಶದಲ್ಲಿ ಹುಟ್ಟಿದ್ದು ಹಕ್ಕಾಗಿ ಅಲ್ಲ, ಕೊಡುಗೆಯಾಗಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಬೆಲೆಯೂ ಬಟ್ಟೆಯ ಬೆಲೆಯೂ ಏರಿ, ಮುಂಬಯಿಯ ಹತ್ತಿಗಿರಣಿಗಳಿಗೆ ಅಪಾರ ಲಾಭವು ಒದಗಿದಾಗ, 1917ರಲ್ಲಿ ಗಿರಣಿಗಳ ಒಡೆಯರು ಕೂಲಿಯ ಶೇಕಡಾ 10ರಷ್ಟನ್ನು ‘ಯುದ್ಧದ ಬೋನಸ್’ ಎಂಬ ಹೆಸರಿನಲ್ಲಿ ಕೊಡಲು ಒಪ್ಪಿದರು. ಮರುವರ್ಷ ಅದು ಶೇಕಡಾ 15ಕ್ಕೆ ಏರಿತು. ಕೆಲವು ವರ್ಷ ಹೀಗೆ ನಡೆದುಬಂದ ಈ ಪದ್ಧತಿಯನ್ನು, ಲಾಭವು ಇಳಿದುದರಿಂದ, 1923ನೆಯ ವರ್ಷಕ್ಕೆ ಒಡೆಯರು ನಿಲ್ಲಿಸಿಬಿಟ್ಟಾಗ, 1924ರ ಆರಂಭದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ಅಂದಿನ ಮುಖ್ಯ ನ್ಯಾಯಾಧೀಶರಾದ ಸರ್ ನಾರ್ಮನ್ ಮ್ಯಾಕ್ಲಿಯಾಡ್ ಅವರ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿ, ಕಾರ್ಮಿಕರಿಗೆ ಬೋನಸ್ಸನ್ನು ಕೇಳುವ ಯಾವ ಕಾನೂನುಬದ್ಧ ಹಕ್ಕೂ ರೂಢಿಯ ಹಕ್ಕೂ ಸ್ಥಾಪಿತವಾಗಿಲ್ಲವೆಂದು ತೀರ್ಪಿತ್ತಿತು. ಅಂದರೆ ಇಂದಿನ ನಮ್ಮ ಮಾತಿನಲ್ಲಿ ಹೇಳುವುದಾದರೆ, ಆ ದಿನ ಬೋನಸ್ಸೆಲ್ಲವೂ ಎಕ್ಸ್‌ಗ್ರೇಷಿಯಾ ಆಗಿತ್ತು. ಲ್ಯಾಟಿನ್ ಮೂಲದ ಆ ಪದಕ್ಕೆ ‘ಅನುಗ್ರಹದಿಂದ ಕೊಟ್ಟದ್ದು’ ಎಂದಷ್ಟೇ ಅರ್ಥ.

ಅನುಗ್ರಹವು ಹಕ್ಕಾಗಿ ಮಾರ್ಪಡಲು ನಾಲ್ಕು ದಶಕಗಳು ಬೇಕಾದುವು. 1950ರಲ್ಲಿ, ಮುಂಬಯಿಯ ಗಿರಣಿಗಳ ವ್ಯಾಜ್ಯದಲ್ಲಿಯೇ, ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯು ಒಂದು ಸೂತ್ರವನ್ನು ರೂಪಿಸಿತು: ಲಾಭದಲ್ಲಿ ಸವಕಳಿ, ತೆರಿಗೆ, ಬಂಡವಾಳದ ಮೇಲಿನ ನ್ಯಾಯವಾದ ಪ್ರತಿಫಲ ಮೊದಲಾದುವನ್ನು ಮೊದಲು ಕಳೆದು, ಉಳಿದ ಮಿಗತೆಯಲ್ಲಿ ಆ ಲಾಭವನ್ನು ದುಡಿದುಕೊಟ್ಟವರಿಗೂ ಪಾಲಿದೆ ಎಂಬುದೇ ಅದರ ತಿರುಳು. 1961ರಲ್ಲಿ ನೇಮಕವಾದ ಮೆಹರ್ ಅವರ ಅಧ್ಯಕ್ಷತೆಯ ಬೋನಸ್ ಆಯೋಗದ ಶಿಫಾರಸುಗಳನ್ನನುಸರಿಸಿ 1965ರಲ್ಲಿ ಬೋನಸ್ ಪಾವತಿ ಕಾಯಿದೆಯು ಬಂದಿತು. ಲಾಭವಿರಲಿ ನಷ್ಟವಿರಲಿ, ಕನಿಷ್ಠವೊಂದನ್ನು ಕೊಡಲೇಬೇಕೆಂದು ಆ ಕಾಯಿದೆ ಹೇಳಿದ್ದನ್ನು ಪ್ರಶ್ನಿಸಿದವರಿಗೆ 1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೋಲುಣಿಸಿತು. ಆರಂಭದಲ್ಲಿ ಶೇಕಡಾ 4 ಇದ್ದ ಈ ಕನಿಷ್ಠ ದರವು ಎಪ್ಪತ್ತರ ದಶಕದಲ್ಲಿ ಶೇಕಡಾ 8.33ಕ್ಕೆ ಏರಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಮತ್ತೆ 4ಕ್ಕೆ ಇಳಿದು, 1977ರಲ್ಲಿ ಪುನಃ 8.33ಕ್ಕೆ ಬಂದು ಅಲ್ಲಿಯೇ ನೆಲೆ ನಿಂತಿತು. ನೂರರ ಹನ್ನೆರಡನೆಯ ಒಂದು ಪಾಲೇ 8.33, ಎಂದರೆ ಹನ್ನೆರಡು ತಿಂಗಳು ದುಡಿದವನಿಗೆ ಹದಿಮೂರನೆಯ ತಿಂಗಳ ಸಂಬಳ ಎಂದು ಕಾರ್ಮಿಕರು ಆಡಿಕೊಳ್ಳುವ ಮಾತು ಲೆಕ್ಕಕ್ಕೂ ಸರಿಯಾಗಿಯೇ ಇದೆ.

ಯಾರಿಗೆ, ಯಾವುದರ ಮೇಲೆ

ಈಗ ಒಂದು ಕಾರ್ಖಾನೆಯನ್ನು ಕಣ್ಣೆದುರಿಗೆ ತಂದುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ನಾನೇ ಕಟ್ಟಿದ ಕಾರ್ಖಾನೆ ಇದು. ಆದರೂ ಪೀಣ್ಯದ ಯಾವ ಅಡ್ಡರಸ್ತೆಯಲ್ಲಿ ಬೇಕಾದರೂ ಇರಬಹುದಾದದ್ದು. ಯಂತ್ರಗಳ ಬಿಡಿಭಾಗಗಳನ್ನು ಮಾಡುವ ಈ ಕಂಪನಿಯಲ್ಲಿ 30 ಮಂದಿ ಆಪರೇಟರುಗಳು, 30 ಮಂದಿ ಹೆಲ್ಪರುಗಳು ಮತ್ತು 3 ಮಂದಿ ಸೂಪರ್‌ವೈಸರುಗಳಿದ್ದಾರೆ. ಲೆಕ್ಕಪತ್ರ ವರ್ಷವು 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ. ಆಗ ಜಾರಿಯಲ್ಲಿದ್ದ 1965ರ ಕಾಯಿದೆಯು ಎಲ್ಲ ಕಾರ್ಖಾನೆಗಳಿಗೂ, 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಇತರ ಸಂಸ್ಥೆಗಳಿಗೂ ಅನ್ವಯಿಸುತ್ತಿದ್ದುದರಿಂದ ಈ ಕಂಪನಿ ಅದರ ವ್ಯಾಪ್ತಿಯೊಳಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಅರ್ಹತೆಗೆ ಮುಖ್ಯವಾಗಿ ಎರಡು ಪರೀಕ್ಷೆಗಳು. ಮೊದಲನೆಯದು, ಆ ವರ್ಷದಲ್ಲಿ ಕನಿಷ್ಠ 30 ದಿನವಾದರೂ ಕೆಲಸ ಮಾಡಿರಬೇಕು. ಎರಡನೆಯದು, ತಿಂಗಳ ವೇತನ 21,000 ರೂಪಾಯಿಯನ್ನು ಮೀರಿರಕೂಡದು. 2015ರ ತಿದ್ದುಪಡಿಗೆ ಮೊದಲು ಈ ಮಿತಿ 10,000 ಇತ್ತು. ಇಲ್ಲಿ ‘ವೇತನ’ವೆಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್ ಹಣ, ಪ್ರಯಾಣದ ರಿಯಾಯಿತಿ, ಕಮಿಷನ್, ಭವಿಷ್ಯನಿಧಿಗೆ ಧಣಿಯು ಕಟ್ಟುವ ವಂತಿಗೆ ಇವು ಯಾವುವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಆದಕಾರಣ ಸಂಬಳದ ಚೀಟಿಯ ಕೆಳತುದಿಯಲ್ಲಿ 24,000 ಎಂದು ಕಂಡೊಡನೆ ‘ಇವನು ಮಿತಿ ದಾಟಿದವನು’ ಎಂದು ತೀರ್ಮಾನಿಸುವುದು ತಪ್ಪು. ಮೇಲಿನ ಎರಡು ಬಾಬುಗಳನ್ನು ಮಾತ್ರ ಕೂಡಿಸಿ ನೋಡತಕ್ಕದ್ದು. ಖಾಯಂ ಆಗದವರು, ತಾತ್ಕಾಲಿಕವಾಗಿ ನೇಮಕವಾದವರು, ಗುಮಾಸ್ತರು, ಸೂಪರ್‌ವೈಸರುಗಳು, ಯಾರೇ ಆಗಲಿ ಈ ಎರಡು ಪರೀಕ್ಷೆಗಳನ್ನು ಗೆದ್ದರೆ ಅರ್ಹರೇ. ಅಪ್ರೆಂಟಿಸುಗಳು ಮಾತ್ರ ಹೊರಗೆ. ವಂಚನೆ, ಆವರಣದೊಳಗಿನ ಹಿಂಸಾಚಾರ, ಸಂಸ್ಥೆಯ ಆಸ್ತಿಯ ಕಳವು, ದುರುಪಯೋಗ, ವಿಧ್ವಂಸಕ ಕೃತ್ಯ ಇವುಗಳಿಗಾಗಿ ಕೆಲಸದಿಂದ ವಜಾ ಆದವರು ಬೋನಸ್ಸನ್ನು ಕಳೆದುಕೊಳ್ಳುತ್ತಾರೆ. ತಡವಾಗಿ ಬಂದುದಕ್ಕೋ ಎದುರು ಮಾತಾಡಿದುದಕ್ಕೋ ಬೋನಸ್ಸನ್ನು ತಡೆಹಿಡಿಯುವ ಅಧಿಕಾರವು ಯಾರಿಗೂ ಇಲ್ಲ.

ಅರ್ಹತೆಯ ಮಿತಿ ಒಂದಾದರೆ, ಗಣನೆಯ ಮಿತಿ ಇನ್ನೊಂದು. ಗೊಂದಲದ ಬಹುಪಾಲು ಇವೆರಡನ್ನು ಒಂದೆಂದು ಭಾವಿಸುವುದರಿಂದ ಹುಟ್ಟುತ್ತದೆ. ನಮ್ಮ ಆಪರೇಟರನ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ. ಅವನು 21,000ದೊಳಗೆ ಇರುವುದರಿಂದ ಅರ್ಹನೇ ಸರಿ. ಆದರೆ ಬೋನಸ್ಸನ್ನು 15,000ದ ಮೇಲೆ ಎಣಿಸುವುದಿಲ್ಲ. ತಿಂಗಳಿಗೆ 7,000 ರೂಪಾಯಿ, ಅಥವಾ ಆ ಕಸುಬಿಗೆ ಸರ್ಕಾರವು ನಿಗದಿಪಡಿಸಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದೇ ವೇತನವೆಂಬಂತೆ ಎಣಿಸಬೇಕು. ಆಪರೇಟರನ ದರ್ಜೆಗೆ ಕನಿಷ್ಠ ವೇತನ 13,000, ಹೆಲ್ಪರನ ದರ್ಜೆಗೆ 12,000 ಎಂದು ಇಟ್ಟುಕೊಳ್ಳೋಣ. ಆಗ ಆಪರೇಟರನ ವರ್ಷದ ಗಣನೆಯ ವೇತನ 1,56,000. ಅದರ ಶೇಕಡಾ 8.33 ಎಂದರೆ 12,995 ರೂಪಾಯಿ. ಇದು ಅವನಿಗೆ ಯಾವ ಪರಿಸ್ಥಿತಿಯಲ್ಲಿಯೂ ಸಲ್ಲಬೇಕಾದ ಕನಿಷ್ಠ.

‘ಅಥವಾ ಕನಿಷ್ಠ ವೇತನ’ ಎಂಬ ಆ ಮೂರು ಪದಗಳನ್ನು ಮರೆತು, 7,000ವನ್ನೇ ಹಿಡಿದು ಎಣಿಸಿದ ಪಟ್ಟಿಗಳು ಈಗಲೂ ದೊರಕುತ್ತವೆ. ಅಂತಹ ಪಟ್ಟಿಯನ್ನು ಗುರುತಿಸುವುದು ಬಹು ಸುಲಭ: ವರ್ಷಪೂರ್ತಿ ದುಡಿದ ಎಲ್ಲರ ಹೆಸರಿನ ಮುಂದೆಯೂ, ಆಪರೇಟರನಾಗಲಿ ಹೆಲ್ಪರನಾಗಲಿ, 6,997 ಎಂಬ ಒಂದೇ ಅಂಕಿ ಸಾಲಾಗಿ ನಿಂತಿರುತ್ತದೆ. ಕನಿಷ್ಠ ವೇತನವು 7,000ವನ್ನು ಮೀರಿರುವ ಕಸುಬಿನಲ್ಲಿ ಆ ಅಂಕಿಯು ಕಂಡುಬಂದರೆ ಲೆಕ್ಕವು ತಪ್ಪಿದೆಯೆಂದೇ ತಿಳಿಯಬೇಕು. ನಮ್ಮ ಆಪರೇಟರನಿಗೆ ಆ ಒಂದು ತಪ್ಪಿನಿಂದ ಆಗುವ ನಷ್ಟ 5,998 ರೂಪಾಯಿ.

ಎಂಟೂ ಮೂವತ್ತಮೂರು ಮತ್ತು ಇಪ್ಪತ್ತರ ನಡುವೆ

ಕನಿಷ್ಠವನ್ನು ಎಣಿಸುವುದಕ್ಕೆ ಸಂಬಳದ ಪಟ್ಟಿಯೊಂದೇ ಸಾಕು. ಆದರೆ ಕಾಯಿದೆಯು ಅಲ್ಲಿಗೇ ನಿಲ್ಲುವುದಿಲ್ಲ. ಲಾಭವಿದ್ದ ವರ್ಷದಲ್ಲಿ ಶೇಕಡಾ 20ರವರೆಗೆ ಏರಿ ಕೊಡಬೇಕೆಂದು ಅದು ವಿಧಿಸುತ್ತದೆ. ಎಷ್ಟು ಏರಬೇಕೆಂಬುದು ಧಣಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ, ಲಾಭದ ಲೆಕ್ಕದಿಂದ ಹೊರಡತಕ್ಕ ಅಂಕಿ. ಈ ಭಾಗವನ್ನು ಬಹುಮಂದಿ ಕಾರ್ಮಿಕರು ಕಂಡೇ ಇಲ್ಲವಾದುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಕಂಪನಿಗೆ ಆ ವರ್ಷ, ಕಾಯಿದೆಯ ಅನುಸೂಚಿಯಂತೆ ಎಣಿಸಿದ ಒಟ್ಟು ಲಾಭ 62 ಲಕ್ಷ ರೂಪಾಯಿ. ಅದರಲ್ಲಿ ಮೊದಲು ಯಂತ್ರಗಳ ಸವಕಳಿ 12 ಲಕ್ಷ, ಆದಾಯತೆರಿಗೆ 13 ಲಕ್ಷ ಕಳೆಯಬೇಕು. ಅನಂತರ ಷೇರುದಾರರು ಹೂಡಿದ ಬಂಡವಾಳ ಒಂದು ಕೋಟಿಯ ಮೇಲೆ ಶೇಕಡಾ 8.5ರಂತೆ ಎಂಟೂವರೆ ಲಕ್ಷ, ಮೀಸಲುನಿಧಿಯಲ್ಲಿರುವ 75 ಲಕ್ಷದ ಮೇಲೆ ಶೇಕಡಾ 6ರಂತೆ ನಾಲ್ಕೂವರೆ ಲಕ್ಷ. ಹಣ ಹೂಡಿದವನಿಗೆ ಅವನ ಹಣದ ಪ್ರತಿಫಲವು ಮೊದಲು ಸಲ್ಲಲಿ ಎಂಬುದು ಇದರ ನ್ಯಾಯ. ಹೀಗೆ ಕಳೆದ ಬಾಬುಗಳ ಮೊತ್ತ 38 ಲಕ್ಷವಾಗಿ, ಉಳಿದ ಮಿಗತೆ 24 ಲಕ್ಷ. ಇಂತಹ ಸಾಮಾನ್ಯ ಭಾರತೀಯ ಕಂಪನಿಯಲ್ಲಿ ಆ ಮಿಗತೆಯ ಶೇಕಡಾ 60, ಎಂದರೆ 14 ಲಕ್ಷದ 40 ಸಾವಿರ ರೂಪಾಯಿ, ದುಡಿದವರಿಗೆ ಹಂಚಬೇಕಾದ ಪಾಲು.

ಇನ್ನು 60 ಮಂದಿಯ ಗಣನೆಯ ವೇತನವನ್ನು ಕೂಡಿಸೋಣ. ಆಪರೇಟರುಗಳದು 46 ಲಕ್ಷದ 80 ಸಾವಿರ, ಹೆಲ್ಪರುಗಳದು 43 ಲಕ್ಷದ 20 ಸಾವಿರ. ಒಟ್ಟು 90 ಲಕ್ಷ. ಇದರ ಶೇಕಡಾ 8.33 ಎಂದರೆ ಸುಮಾರು ಏಳೂವರೆ ಲಕ್ಷ. ಶೇಕಡಾ 20 ಎಂದರೆ 18 ಲಕ್ಷ. ಹಂಚಬೇಕಾದ 14.4 ಲಕ್ಷವು ಇವೆರಡರ ನಡುವೆ, ಸರಿಯಾಗಿ ಶೇಕಡಾ 16ರ ಮೇಲೆ ಬಂದು ನಿಲ್ಲುತ್ತದೆ. ಆದಕಾರಣ ಆ ವರ್ಷ ಆ ಕಾರ್ಖಾನೆಯಲ್ಲಿ ಬೋನಸ್ಸಿನ ದರವು 16; ಅದಕ್ಕಿಂತ ಕಡಿಮೆ ಕೊಡಲಾಗದು. ನಮ್ಮ ಆಪರೇಟರನಿಗೆ ಸಲ್ಲಬೇಕಾದುದು 12,995 ಅಲ್ಲ, 24,960 ರೂಪಾಯಿ.

ಒಂದು ವೇಳೆ ಹಂಚಬೇಕಾದ ಪಾಲು 22 ಲಕ್ಷಕ್ಕೆ ಏರಿದ್ದರೆ ಏನಾಗುತ್ತಿತ್ತು? ಶೇಕಡಾ 20ರ ಗೆರೆಯನ್ನು ದಾಟುವಂತಿಲ್ಲವಾದುದರಿಂದ 18 ಲಕ್ಷವನ್ನು ಹಂಚಿ, ಮಿಕ್ಕ 4 ಲಕ್ಷವನ್ನು ಮುಂದಿನ ವರ್ಷಗಳಿಗಾಗಿ ಎತ್ತಿಡಬೇಕಿತ್ತು. ಮರುವರ್ಷ ಕಂಪನಿಗೆ ನಷ್ಟವಾದರೂ ಕನಿಷ್ಠ ಬೋನಸ್ ಸುಮಾರು ಏಳೂವರೆ ಲಕ್ಷವನ್ನು ಕೊಡಲೇಬೇಕು. ಆಗ ಎತ್ತಿಟ್ಟ 4 ಲಕ್ಷವು ಅದಕ್ಕೆ ಒದಗಿ, ಕೈಯಿಂದ ಹಾಕಿದ ಮೂರೂವರೆ ಲಕ್ಷದಷ್ಟನ್ನು ಮುಂದಿನ ಒಳ್ಳೆಯ ವರ್ಷದ ಪಾಲಿನಲ್ಲಿ ಕಂಪನಿಯು ಕಳೆದುಕೊಳ್ಳಬಹುದು. ಸುಗ್ಗಿಯ ಕಾಳನ್ನು ಹಗೇವಿನಲ್ಲಿಟ್ಟು ಬರದ ವರ್ಷಕ್ಕೆ ತೆಗೆಯುವ ರೈತನ ಬುದ್ಧಿಯೇ ಇದು. ಆದರೆ ಈ ಕೊಡುಕೊಳೆ ನಾಲ್ಕನೆಯ ಲೆಕ್ಕಪತ್ರ ವರ್ಷದವರೆಗೆ ಮಾತ್ರ ನಡೆಯುತ್ತದೆ. ಹೊಸದಾಗಿ ಸ್ಥಾಪಿತವಾದ ಸಂಸ್ಥೆಗೆ ಮಾರಾಟವು ಆರಂಭವಾದ ಮೊದಲ ಐದು ವರ್ಷಗಳಲ್ಲಿ ಲಾಭ ಬಂದ ವರ್ಷ ಮಾತ್ರ ಬೋನಸ್ ಕೊಡುವ ಹೊಣೆ ಎಂಬ ರಿಯಾಯಿತಿಯೂ ಉಂಟು.

ಗೆರೆ ಅಳಿಸುವ ಬಗೆ

ಈಗ ಆ ಚೀಟಿಯ ಒಂದು ಸಾಲಿಗೆ ಮರಳೋಣ. ಇಂತಹ ಕಾರ್ಖಾನೆಯೊಂದರಲ್ಲಿ ಲಾಭದ ಲೆಕ್ಕವನ್ನು ತೆಗೆಯದೆಯೇ ‘ಬೋನಸ್ 8.33, ಎಕ್ಸ್‌ಗ್ರೇಷಿಯಾ ತಲಾ ಎರಡು ಸಾವಿರ’ ಎಂದು ಘೋಷಿಸಿದರೆಂದು ಭಾವಿಸಿ. ಆಪರೇಟರನ ಕೈಗೆ 14,995 ಬರುತ್ತದೆ. ‘ನ್ಯಾಯವಾಗಿ ಬರಬೇಕಾದುದರ ಮೇಲೆ ಎರಡು ಸಾವಿರವನ್ನು ಸಾಹುಕಾರರು ಕೈಯಿಂದ ಕೊಟ್ಟರು’ ಎಂದು ಅವನು ಕೈಮುಗಿಯುತ್ತಾನೆ. ವಾಸ್ತವದಲ್ಲಿ ಆ ಎರಡು ಸಾವಿರವು ಅವನ ಹಕ್ಕಿನ ಒಂದು ತುಣುಕಾಗಿದ್ದು, ಇನ್ನೂ 9,965 ರೂಪಾಯಿ ಅವನಿಗೆ ಬಾಕಿಯೇ ಉಳಿದಿದೆ. ಹಕ್ಕಿಗೆ ಅನುಗ್ರಹದ ಹೆಸರಿಟ್ಟೊಡನೆ ಕೇಳುವ ಬಾಯಿ ಕಟ್ಟಿಹೋಗುತ್ತದೆ. ಇದೇ ಈ ಬೆರಕೆಯ ಮೊದಲ ಕೇಡು. ಸೇಠರು ದುರುದ್ದೇಶದಿಂದಲೇ ಹೀಗೆ ಮಾಡುತ್ತಾರೆಂದು ನಾನು ಹೇಳಲಾರೆ. ಮಿಗತೆಯ ಲೆಕ್ಕಕ್ಕೆ ಕಾಯಿದೆಯ ನಿಯಮಗಳಲ್ಲಿ ‘ಎ’ ನಮೂನೆ, ಎತ್ತಿಟ್ಟದ್ದಕ್ಕೆ ‘ಬಿ’ ನಮೂನೆ, ಒಬ್ಬೊಬ್ಬರಿಗೆ ಕೊಟ್ಟದ್ದಕ್ಕೆ ‘ಸಿ’ ನಮೂನೆ ಎಂದು ಮೂರು ರಿಜಿಸ್ಟರುಗಳಿದ್ದರೂ, ಬಹುಕಡೆ ‘ಸಿ’ಯನ್ನು ಮಾತ್ರ ಬರೆದು ಮೊದಲೆರಡನ್ನು ಖಾಲಿ ಬಿಡುವ ರೂಢಿ ಬೆಳೆದುಬಿಟ್ಟಿದೆ. ‘ಎ’ ನಮೂನೆಯೇ ಖಾಲಿಯಿದ್ದ ಮೇಲೆ 8.33 ಎಂಬ ಅಂಕಿಯು ಲೆಕ್ಕದಿಂದ ಬಂದುದೋ ಅಭ್ಯಾಸದಿಂದ ಬಂದುದೋ ಹೇಳುವವರು ಯಾರು?

ಎರಡನೆಯ ತಪ್ಪನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಲೆಕ್ಕ ತಿದ್ದಲು ಹೋಗುತ್ತಿದ್ದ ಒಂದು ಕಾರ್ಖಾನೆಯ ಗೇಟಿನ ಬಳಿ, ಹಬ್ಬದ ಹಿಂದಿನ ದಿನ, ಕೆಲಸ ಬಿಟ್ಟುಹೋಗಿದ್ದ ಹೆಲ್ಪರನೊಬ್ಬನು ಬಂದು ನಿಂತಿದ್ದನು. “ಸಾರ್, ಹೋದ ನವೆಂಬರ್‌ವರೆಗೂ ಇಲ್ಲೇ ದುಡಿದಿದ್ದೀನಲ್ಲ, ನನ್ನ ಬೋನಸ್ಸು?” ಎಂದು ಅವನು ಕೇಳಿದರೆ, ಗುಮಾಸ್ತರು ಬೇಸರವಿಲ್ಲದೆಯೇ, “ನೀನು ಈಗ ರೋಲಿನಲ್ಲೇ ಇಲ್ಲವಲ್ಲಪ್ಪ, ಎಲ್ಲಿಂದ ಕೊಡೋಣ?” ಎಂದರು. ಅವರು ಸುಳ್ಳು ಹೇಳಲಿಲ್ಲ. ಸಂಬಳದ ತಂತ್ರಾಂಶದಿಂದ ತೆಗೆದ ಪಟ್ಟಿಯಲ್ಲಿ ಆ ದಿನ ಕೆಲಸದಲ್ಲಿದ್ದವರ ಹೆಸರುಗಳು ಮಾತ್ರ ಇದ್ದುವು. ಆದರೆ ಬೋನಸ್ಸು ಹಬ್ಬದ ದಿನದ ಹಾಜರಿಗಾಗಿ ಕೊಡುವುದಲ್ಲ, ಮುಗಿದುಹೋದ ಲೆಕ್ಕಪತ್ರ ವರ್ಷದ ದುಡಿಮೆಗಾಗಿ ಕೊಡುವುದು. ಆ ವರ್ಷದಲ್ಲಿ 30 ದಿನ ದುಡಿದವನು ಅನಂತರ ರಾಜೀನಾಮೆ ಕೊಟ್ಟಿರಲಿ, ಊರಿಗೆ ಹೋಗಿರಲಿ, ಅವನ ಪಾಲು ಅವನದೇ. ನಮ್ಮ ಲೆಕ್ಕದ ಕಾರ್ಖಾನೆಯಲ್ಲಿಯೇ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಂಟು ತಿಂಗಳು ದುಡಿದು ಹೋದ ಹೆಲ್ಪರನಿದ್ದರೆ, ಅವನು ಗಳಿಸಿದ 96,000ದ ಮೇಲೆ ಶೇಕಡಾ 16ರಂತೆ 15,360 ರೂಪಾಯಿ ಅವನಿಗೆ ಸಲ್ಲತಕ್ಕದ್ದು.

ಅವನ ಜಾಗಕ್ಕೆ ಡಿಸೆಂಬರ್ 1ರಂದು ಸೇರಿದ ಹೊಸಬನ ವಿಷಯದಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುವುದುಂಟು. ನಾಲ್ಕು ತಿಂಗಳಿಗೆ ಅವನು ಗಳಿಸಿದ್ದು 48,000. ಶೇಕಡಾ 16ರಂತೆ 7,680. ‘ಇವನು ವರ್ಷದಲ್ಲಿ ಮೂರನೆಯ ಒಂದು ಭಾಗ ಮಾತ್ರ ದುಡಿದವನು’ ಎಂದು ಗುಮಾಸ್ತರು ಆ 7,680ನ್ನು ಮತ್ತೆ ಮೂರರಿಂದ ಭಾಗಿಸಿ 2,560 ಮಾಡಿಬಿಡುತ್ತಾರೆ. ಗಳಿಸಿದ ವೇತನದ ಮೇಲೆ ಎಣಿಸಿದಾಗಲೇ ಗೈರುಹಾಜರಿಯ ಪಾಲು ಒಮ್ಮೆ ಕಳೆದುಹೋಗಿದೆ. ಅದನ್ನೇ ಇನ್ನೊಮ್ಮೆ ಕಳೆಯುವುದು ಒಂದೇ ತಪ್ಪಿಗೆ ಎರಡು ದಂಡ. ಕಾಯಿದೆಯಲ್ಲಿ ದಿನಗಳಿಗೆ ತಕ್ಕಂತೆ ಇಳಿಸುವ ಮಾತು ಇರುವುದು ನಿಜ. ಆದರೆ ಅದು, ಶೇಕಡಾ 8.33 ತೀರ ಅಲ್ಪವಾದಾಗ ಕೊಡಬೇಕಾದ 100 ರೂಪಾಯಿಯ ಕನಿಷ್ಠ ಮೊತ್ತಕ್ಕೆ ಮಾತ್ರ ಸಂಬಂಧಿಸಿದ್ದು. ಆ ಸಂದರ್ಭದಲ್ಲಿಯೂ ಸಂಬಳಸಹಿತ ರಜೆಯ ದಿನಗಳು, ಕೆಲಸದಲ್ಲಿ ಪೆಟ್ಟಾಗಿ ಮಲಗಿದ ದಿನಗಳು, ಸಂಬಳಸಹಿತ ಹೆರಿಗೆ ರಜೆಯ ದಿನಗಳು ದುಡಿದ ದಿನಗಳೆಂದೇ ಎಣಿಕೆಯಾಗುತ್ತವೆ.

ಅನುಗ್ರಹಕ್ಕೆ ಅದರದೇ ಜಾಗ

ಹಾಗಾದರೆ ಎಕ್ಸ್‌ಗ್ರೇಷಿಯಾ ಎಂಬುದು ಬೇಡವಾದುದೇ? ಖಂಡಿತವಾಗಿ ಅಲ್ಲ. ನಮ್ಮ ಕಾರ್ಖಾನೆಯ ಮೂವರು ಸೂಪರ್‌ವೈಸರುಗಳನ್ನು ನೆನೆಯಿರಿ. ಅವರ ಮೂಲವೇತನ ಮತ್ತು ತುಟ್ಟಿಭತ್ಯೆ 22,500. ಮಿತಿಯನ್ನು 1,500 ರೂಪಾಯಿಯಷ್ಟು ಮೀರಿದ್ದರಿಂದ ಅವರಿಗೆ ಕಾಯಿದೆಯ ಬೋನಸ್ ಒಂದು ಕಾಸೂ ಇಲ್ಲ. ತಮ್ಮ ಕೈಕೆಳಗಿನ ಆಪರೇಟರನು 24,960 ರೂಪಾಯಿಯ ಚೀಟಿಯನ್ನು ಹಿಡಿದು ಮನೆಗೆ ಹೋಗುವಾಗ, ಅದೇ ಪಾಳಿಯನ್ನು ನಡೆಸಿದ ಸೂಪರ್‌ವೈಸರ್ ಕಡಲೆಪುರಿಯ ಪೊಟ್ಟಣವನ್ನಷ್ಟೇ ಹಿಡಿದು ಹೋಗಬೇಕಾಗುತ್ತದೆ. ಬಡ್ತಿಯೇ ಶಿಕ್ಷೆಯಂತೆ ತೋರುವ ಈ ಕಡಿದಾದ ಅಂಚನ್ನು ಸರಿದೂಗಿಸಲು ಧಣಿಯು ಅವರಿಗೆ ತಲಾ 25,000ವನ್ನು ಎಕ್ಸ್‌ಗ್ರೇಷಿಯಾ ಎಂದು ಕೊಟ್ಟರೆ ಅದು ವಿವೇಕದ ಕಾರ್ಯ. ಶೇಕಡಾ 20ರ ಗರಿಷ್ಠವನ್ನು ಕೊಟ್ಟು ಮುಗಿಸಿದ ಮೇಲೂ ಇನ್ನಷ್ಟು ಕೊಡಬೇಕೆಂಬ ಮನಸ್ಸಾದರೆ, ಆ ಹೆಚ್ಚಿನ ಮೊತ್ತಕ್ಕೂ ಇದೇ ಹೆಸರು ಒಪ್ಪುವುದು. ಅನುಗ್ರಹವು ಹಕ್ಕಿನ ಗಡಿಯಾಚೆಗೆ ಆರಂಭವಾಗಬೇಕು, ಒಳಗಲ್ಲ.

ಸಂಬಳದ ಪಟ್ಟಿಯಲ್ಲಿ ಇವೆರಡಕ್ಕೆ ಎರಡು ಕಲಮುಗಳಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಆದಾಯತೆರಿಗೆಯ ಕಣ್ಣಿನಲ್ಲಿ ಎರಡೂ ಸಂಬಳದ ಭಾಗವೇ ಆಗಿ ತೆರಿಗೆಗೆ ಒಳಪಡುತ್ತವೆ, ಅಲ್ಲಿ ಭೇದವಿಲ್ಲ. ಆದರೆ ಬೋನಸ್ಸಿಗೆ ಗಡುವಿದೆ: ಲೆಕ್ಕಪತ್ರ ವರ್ಷ ಮುಗಿದ ಎಂಟು ತಿಂಗಳೊಳಗೆ, ನಮ್ಮ ಕಾರ್ಖಾನೆಯಲ್ಲಿ 2024ರ ನವೆಂಬರ್ 30ರೊಳಗೆ, ಅದು ಸಂದಾಯವಾಗಿರಬೇಕು. ಬಾಕಿ ಉಳಿದರೆ ಭೂಕಂದಾಯದ ಬಾಕಿಯನ್ನು ವಸೂಲು ಮಾಡುವ ರೀತಿಯಲ್ಲಿ ಅದನ್ನು ವಸೂಲು ಮಾಡಿಸಲು ಕಾಯಿದೆಯು ದಾರಿಯನ್ನು ತೋರಿಸಿತ್ತು. ಎಕ್ಸ್‌ಗ್ರೇಷಿಯಾಕ್ಕೆ ಗಡುವೂ ಇಲ್ಲ, ವಸೂಲಿಯೂ ಇಲ್ಲ, ದರವೂ ಇಲ್ಲ.

ಹೀಗೆಂದರೂ ಅನುಗ್ರಹವು ಎಂದೆಂದಿಗೂ ಅನುಗ್ರಹವಾಗಿಯೇ ಉಳಿಯುವುದೆಂದು ತಿಳಿಯಬಾರದು. ಬಂಗಾಳದ ಸಂಸ್ಥೆಗಳಲ್ಲಿ ದುರ್ಗಾಪೂಜೆಗೆ ಕೊಡುತ್ತಿದ್ದ ಪೂಜಾ ಬೋನಸ್ಸಿನ ವ್ಯಾಜ್ಯಗಳು 1959ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಒಂದು ಕೊಡುಗೆಯು ಹಲವು ವರ್ಷ ಎಡೆಬಿಡದೆ, ಒಂದೇ ದರದಲ್ಲಿ, ನಷ್ಟದ ವರ್ಷದಲ್ಲಿಯೂ ತಪ್ಪದೆ ನಡೆದುಬಂದಿದ್ದರೆ ಅದು ರೂಢಿಯಿಂದ ಹಕ್ಕಾಗಿ ಬಲಿಯಬಹುದೆಂದು ನ್ಯಾಯಾಲಯವು ಒಪ್ಪಿತು. ಮುಂದೆ 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, 1965ರ ಕಾಯಿದೆಯು ಲಾಭಕ್ಕೆ ಸಂಬಂಧಿಸಿದ ಬೋನಸ್ಸನ್ನು ಕುರಿತದ್ದೇ ಹೊರತು, ರೂಢಿಯಿಂದ ಬಂದ ಬೋನಸ್ಸಿನ ಬಾಗಿಲನ್ನು ಅದು ಮುಚ್ಚಿಲ್ಲವೆಂದು ತೀರ್ಪಿತ್ತರು. ಆದಕಾರಣವೇ ತಿಳಿದ ಧಣಿಯು ಎಕ್ಸ್‌ಗ್ರೇಷಿಯಾದ ಪತ್ರದಲ್ಲಿ ‘ಈ ವರ್ಷಕ್ಕೆ ಮಾತ್ರ’ ಎಂದು ಬರೆಯುತ್ತಾನೆ; ತಿಳಿದ ಕಾರ್ಮಿಕನು ಆ ಪತ್ರಗಳನ್ನು ವರ್ಷವರ್ಷವೂ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ನಾನು ಹೇಳಿದ ಲೆಕ್ಕದ ವರ್ಷವು 1965ರ ಕಾಯಿದೆಯ ಆಳ್ವಿಕೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದಿದೆ. 8.33, 20, ಮೂವತ್ತು ದಿನ, ಎಂಟು ತಿಂಗಳು ಎಂಬ ಅಂಕಿಗಳು ಅದರಲ್ಲಿಯೂ ಹಾಗೆಯೇ ಇವೆ. ಆದರೆ ಅರ್ಹತೆಯ ಮಿತಿಯನ್ನೂ ಗಣನೆಯ ಮಿತಿಯನ್ನೂ ಸರ್ಕಾರವು ಅಧಿಸೂಚನೆಯಿಂದ ನಿಗದಿಪಡಿಸುವಂತೆ ಮಾಡಲಾಗಿದೆ. ಲೈಂಗಿಕ ಕಿರುಕುಳದ ಅಪರಾಧವು ಸಾಬೀತಾಗಿ ವಜಾ ಆದವರೂ ಬೋನಸ್ಸಿಗೆ ಅನರ್ಹರಾಗಿದ್ದಾರೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ‘ವೇತನ’ದ ಅರ್ಥದಲ್ಲಿ. ಮನೆ ಬಾಡಿಗೆ ಮೊದಲಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟೂ ವೇತನಕ್ಕೆ ಸೇರುತ್ತದೆ. ಒಟ್ಟು 48,000 ಪಡೆಯುವವನ ಮೂಲವೇತನ 20,000ವಾಗಿ ಭತ್ಯೆಗಳು 28,000ವಾಗಿದ್ದರೆ, ಅರ್ಧವಾದ 24,000ವನ್ನು ಮೀರಿದ 4,000 ಅವನ ವೇತನಕ್ಕೆ ಕೂಡಿ ಅದು 24,000 ಆಗುವುದು. ಹಳೆಯ ಲೆಕ್ಕದಲ್ಲಿ 21,000ದ ಒಳಗಿದ್ದವನು ಅಂತಹುದೇ ಮಿತಿಯಿರುವಲ್ಲಿ ಹೊಸ ಲೆಕ್ಕದಲ್ಲಿ ಹೊರಗುಳಿಯುತ್ತಾನೆ. ಹಕ್ಕಿನ ಕಲಮಿನಿಂದ ಅವನ ಹೆಸರು ಸದ್ದಿಲ್ಲದೆ ಅನುಗ್ರಹದ ಕಲಮಿಗೆ ಜಾರುತ್ತದೆ. ಎರಡು ಕಲಮುಗಳೂ ಒಂದೇ ಸಾಲಾಗಿ ಬೆರೆತಿರುವ ಚೀಟಿಯಲ್ಲಿ ಅವನಿಗೆ ಈ ಜಾರಾಟ ಕಾಣುವುದೇ ಇಲ್ಲ.

ಗೇಟಿನ ಬಳಿ ನಿಂತಿದ್ದ ಆ ಹೆಲ್ಪರನ ಹೆಸರನ್ನು ಹಾಜರಿ ಪುಸ್ತಕದ ಹಳೆಯ ಹಾಳೆಗಳಲ್ಲಿ ಹುಡುಕಿ, ತಿಂಗಳು ತಿಂಗಳಿನ ವೇತನವನ್ನು ಕೂಡಿಸಿ, ‘ಸಿ’ ನಮೂನೆಯ ಕೊನೆಯಲ್ಲಿ ಒಂದು ಸಾಲನ್ನು ಸೇರಿಸಿದೆವು. ಅವನು ಸಹಿ ಮಾಡಿ ಹಣ ಪಡೆದು, “ನಿಮ್ಮಿಂದ ಉಪಕಾರವಾಯಿತು ಸಾರ್” ಎಂದನು. “ಉಪಕಾರ ಅಲ್ಲಪ್ಪ, ಇದು ನಿನ್ನ ಎಂಟು ತಿಂಗಳ ಲೆಕ್ಕ” ಎಂದು ಹೇಳಿ, ಅವನ ಸಹಿಯಿದ್ದ ಕಲಮಿನ ನೆತ್ತಿಯ ಮೇಲೆ ಬರೆದಿದ್ದ ‘ಬೋನಸ್’ ಎಂಬ ಪದವನ್ನು ಬೆರಳಿಟ್ಟು ತೋರಿಸಿದೆನು.